ಅಜ್ಜಿಯ ಧಾರೆ ಸೀರೆ, ಮೊಮ್ಮಗಳ ಘಟಿಕೋತ್ಸವ: ಹಳೇ ರೇಷ್ಮೆಗೆ ಕತ್ತರಿ ಹಾಕುವ ಕ್ರಮ

ಘಟಿಕೋತ್ಸವದ ದಿನ ಮೈಮೇಲೆ ಗೌನು ಇರುತ್ತದೆ. ಇದನ್ನು ಮರೆತು ಬಟ್ಟೆ ಹೊಲಿಸುವವರೇ ಜಾಸ್ತಿ. ಎದೆ ತುಂಬ ಮಗ್ಗದ ವರ್ಕ್ ಮಾಡಿಸಿರುತ್ತಾರೆ, ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಗೌನು ಹಾಕಿಕೊಂಡ ಮೇಲೆ ಹೊರಗೆ ಕಾಣುವುದು ಮೂರೇ ಜಾಗ. ಕುತ್ತಿಗೆಯ ಹತ್ತಿರ ಒಂದು ಸಣ್ಣ ತ್ರಿಕೋನ. ಪದವಿ ಪತ್ರ ತಗೊಳ್ಳಲು ಕೈ ಚಾಚಿದಾಗ ಗೌನಿನ ತೋಳು ಹಿಂದೆ ಜಾರಿ ಕಾಣುವ ಮುಂಗೈ. ಮತ್ತೆ ಗೌನಿನ ಕೆಳಗೆ ಪಾದದವರೆಗಿನ ಒಂದಡಿ ಬಟ್ಟೆ. ಅಜ್ಜಿಯ ಸೀರೆಯ ಅಂಚು ಎಲ್ಲಿ ಬರಬೇಕು ಅನ್ನೋದನ್ನು ಈ ಮೂರು ಜಾಗ ನೋಡಿ ತೀರ್ಮಾನಿಸಬೇಕು.

ನಾನು ಚಿಂತಾಮಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಹಳೇ ರೇಷ್ಮೆ ಸೀರೆ ಹಿಡಿದು ಬರುವ ಹುಡುಗಿಯರು ಈಚೆಗೆ ಹೆಚ್ಚಾಗಿದ್ದಾರೆ. ಇಲ್ಲಿ ಒಂದೇ ಸೀರೆಯ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಶಿಡ್ಲಘಟ್ಟದ ಒಬ್ಬ ಅಜ್ಜಿಯ 1974ರ ಧಾರೆ ಸೀರೆ ಅದು. ಎಲೆ ಹಸಿರು ಮೈ, ಕುಂಕುಮ ಕೆಂಪು ಅಂಚು, ಮೈಮೇಲೆ ಅಲ್ಲಲ್ಲಿ ಜರಿ ಬುಟ್ಟ. ಮೊಮ್ಮಗಳು ಕೋಲಾರದಲ್ಲಿ ಎಂಎಸ್ಸಿ ಮುಗಿಸಿದ್ದಳು. ಅವಳಿಗೆ ಅದೇ ಸೀರೆ ಬೇಕು, ಆದರೆ ಸೀರೆಯಾಗಿ ಉಡುವಷ್ಟು ಗಟ್ಟಿ ಅದು ಉಳಿದಿರಲಿಲ್ಲ.

ಕೆಲಸಕ್ಕೆ ಕನಿಷ್ಠ ಒಂದು ತಿಂಗಳು ಸಮಯ ಇಟ್ಟುಕೊಳ್ಳಿ. ಮೊದಲು ವಿಶ್ವವಿದ್ಯಾಲಯದ ಸುತ್ತೋಲೆ ಓದಿ. ಕೆಲವು ಕಡೆ ಗೌನಿನ ಬದಲು ಬರೀ ಶಾಲು ಕೊಡುತ್ತಾರೆ. ಕೆಲವು ಕಡೆ ಒಳಗಿನ ಬಟ್ಟೆ ಬಿಳಿ ಅಥವಾ ಕೆನೆ ಬಣ್ಣದ್ದೇ ಇರಬೇಕು ಅನ್ನುತ್ತಾರೆ. ಹಸಿರು ಸೀರೆ ಕತ್ತರಿಸಿ ಹೊಲಿದಾದ ಮೇಲೆ ಇದು ಗೊತ್ತಾದರೆ ಏನು ಮಾಡ್ತೀರಿ?

ಮೊದಲ ಹೆಜ್ಜೆ: ಸೀರೆಯ ಒಡತಿಯನ್ನು ಕೇಳಿ

ಇದು ಮರ್ಯಾದೆಗಾಗಿ ಕೇಳುವ ಮಾತು ಮಾತ್ರ ಅಂದುಕೊಳ್ಳಬೇಡಿ. ಸೀರೆಯ ಚರಿತ್ರೆ ಗೊತ್ತಿರುವುದು ಅವರಿಗೇ. ಎಷ್ಟು ಸಲ ಉಟ್ಟಿದ್ದರು, ನೀರಿಗೆ ಹಾಕಿದ್ದರಾ, ಯಾವ ಕಡೆ ಪಿನ್ ಚುಚ್ಚುತ್ತಿದ್ದರು, ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಎಂದೆಲ್ಲ ಕೇಳಿ. ಕೆಲವು ಮನೆಗಳಲ್ಲಿ ಧಾರೆ ಸೀರೆಗೆ ಕತ್ತರಿ ಹಾಕುವುದೇ ಇಲ್ಲ. ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಸೀರೆ ಗಟ್ಟಿ ಇದ್ದರೆ ಹೊಸ ರವಿಕೆ ಹೊಲಿಸಿ ಉಡಿ.

ಈ ಅಜ್ಜಿ ಮದುವೆಗೆ ಮುಂಚೆ, ಮದುವೆಯಾದ ಮೇಲೂ, ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ ಎಷ್ಟು ಹೆಸರುವಾಸಿಯೋ ಬಿಚ್ಚಾಣಿಕೆಯೂ ಅಷ್ಟೇ. ನಾನು ಸೀರೆ ಬಿಡಿಸುವ ಮುಂಚೆಯೇ ಅವರು ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿ, "ಇಲ್ಲಿ ಎಳೆ ಸತ್ತಿದೆ ಕಣಮ್ಮ, ಇದನ್ನ ನಂಬಬೇಡ" ಅಂದರು. ಆಮೇಲೆ ನೋಡಿದರೆ ಮಾತು ನಿಜ. ಮೊಮ್ಮಗಳಿಗೆ ಒಂದೇ ಷರತ್ತು ಹಾಕಿದರು. "ಸೆರಗು ಮಾತ್ರ ಮುಟ್ಟಬೇಡ ಕಣೇ. ಉಳಿದಿದ್ದು ಏನಾದ್ರೂ ಮಾಡ್ಕೋ."

ಎರಡನೇ ಹೆಜ್ಜೆ: ಸೀರೆಯನ್ನು ಪೂರ್ತಿ ನೋಡಿ

ಹೊದಿಕೆ ಹಾಸಿದ ಮಂಚದ ಮೇಲೆ ಅಥವಾ ಗುಡಿಸಿದ ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ. ಬಿಸಿಲು ನೇರವಾಗಿ ಬೀಳಬಾರದು. ಬಳೆ, ಉಂಗುರ ತೆಗೆದಿಡಿ. ಕೈಗೆ ಎಣ್ಣೆ, ಕ್ರೀಮು ಇರಬಾರದು. ಸೀರೆಯನ್ನು ಒದರಿ ಬಿಡಿಸಬೇಡಿ, ಒಂದೊಂದೇ ಮಡಿಕೆ ತೆರೆಯಿರಿ. ಹಳೇ ರೇಷ್ಮೆ ಹರಿಯುವುದು ಉಟ್ಟಾಗಲೇ ಅಲ್ಲ, ಹೀಗೆ ಒದರಿದಾಗಲೂ ಹರಿಯುತ್ತದೆ.

ಒಂದು ಕಾಗದದ ಮೇಲೆ ಉದ್ದ ಆಯತ ಬರೆದು, ಅರ್ಧ ಅರ್ಧ ಮೀಟರಿಗೆ ಗೆರೆ ಹಾಕಿ. ಸೀರೆಯ ಒಳತುದಿಯಿಂದ, ಅಂದರೆ ಮೊದಲು ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ, ಅಳೆಯುತ್ತಾ ಹೋಗಿ. ಕಂಡ ತೂತು, ಕಲೆ, ಬಿರುಕು ಎಲ್ಲವನ್ನೂ ಕಾಗದದ ಮೇಲೆ ಗುರುತಿಸಿ. ಸೀರೆಯ ಮೇಲೆ ಗುರುತು ಬೇಕಾದರೆ ಬಿಳಿ ನೂಲಿನ ಸಡಿಲ ಟಾಕಿ ಹಾಕಿ. ಪೆನ್ನು, ಸೀಮೆಸುಣ್ಣ ಬೇಡ.

ಸೀರೆ ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ಉಡುವ ರೀತಿಯೇ ಅದರ ಸವೆತವನ್ನು ನಿರ್ಧರಿಸುತ್ತದೆ. ಮೊದಲ ಸುತ್ತು ಒಳಗೇ ಇರುತ್ತದೆ, ಬೆಳಕು ಕಾಣುವುದಿಲ್ಲ, ಅದಕ್ಕೇ ಬಣ್ಣ ಗಾಢವಾಗಿ ಉಳಿದಿರುತ್ತದೆ. ಆಮೇಲೆ ನೆರಿಗೆಯ ಭಾಗ. ಮಡಿಕೆ ಬಿದ್ದೂ ಬಿದ್ದೂ, ಕಾಲಿಗೆ ಸಿಕ್ಕೂ ಸಿಕ್ಕೂ ಹೆಚ್ಚು ದಣಿದಿರುವುದು ಇದೇ. ಅದಾದ ಮೇಲೆ ಎರಡನೇ ಸುತ್ತು, ಬಣ್ಣ ಸ್ವಲ್ಪ ಮಾಸಿದ್ದರೂ ಬಟ್ಟೆ ಗಟ್ಟಿ. ನಂತರ ಭುಜದ ಭಾಗ, ಪಿನ್ನಿನ ತೂತು ಮತ್ತು ಬೆವರಿನ ಕಲೆ ಇರುವ ಜಾಗ. ಕೊನೆಗೆ ಸೆರಗು.

ನಮ್ಮ ಸೀರೆ ಅಳೆದಾಗ 5.4 ಮೀಟರ್ ಉದ್ದ, 46 ಇಂಚು ಅಗಲ ಬಂತು. ಒಳತುದಿಯಿಂದ 1.2 ಮೀಟರಿನವರೆಗೆ ಚೆನ್ನಾಗಿತ್ತು. 1.2ರಿಂದ 2.6ರವರೆಗೆ ನೆರಿಗೆ ಭಾಗ, ಮಡಿಕೆ ಗೆರೆಯಲ್ಲೇ ನಾಲ್ಕಾರು ಕಡೆ ಸೀಳಿತ್ತು. 2.6ರಿಂದ 3.8ರವರೆಗೆ ಮತ್ತೆ ಗಟ್ಟಿ. 3.8ರಿಂದ 4.7ರವರೆಗೆ ಭುಜ, ತೂತುಗಳು. ಉಳಿದ 70 ಸೆಂಟಿಮೀಟರ್ ಸೆರಗು.

ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು, ಎಳೆದು ನೋಡಬೇಕು. ಎರಡು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದಿಂಚು ಅಂತರದಲ್ಲಿ ಬಟ್ಟೆ ಹಿಡಿದು ಮೆಲ್ಲಗೆ ಬೇರೆ ಬೇರೆ ದಿಕ್ಕಿಗೆ ಎಳೆಯಿರಿ. ಜೀವ ಇರುವ ರೇಷ್ಮೆ ಸದ್ದಿಲ್ಲದೆ ತಡೆಯುತ್ತದೆ. ಸೋತಿರುವ ರೇಷ್ಮೆಯಲ್ಲಿ ಸಣ್ಣಗೆ 'ಚರ್' ಅನ್ನುತ್ತದೆ, ಅಥವಾ ಎಳೆಗಳು ಸರಿದು ಬೆಳಕು ಕಾಣುತ್ತದೆ. ಇದನ್ನು ಉದ್ದಕ್ಕೂ ಮಾಡಿ, ಅಗಲಕ್ಕೂ ಮಾಡಿ. ಅಗಲದ ಪರೀಕ್ಷೆ ಇನ್ನೂ ಮುಖ್ಯ. ಕಾರಣ ಇಷ್ಟೇ: ಸೀರೆಯ ಹಾಸಿನ ಎಳೆಗಳು ಉದ್ದಕ್ಕೆ ಹೋಗುತ್ತವೆ, ಹೊಕ್ಕಿನ ಎಳೆಗಳು ಅಗಲಕ್ಕೆ. ಅಂಚು ಕೆಳಗೆ ಬರುವಂತೆ ಲಂಗ ಮಾಡಿದಾಗ ಸೀರೆಯ ಅಗಲವೇ ಲಂಗದ ಎತ್ತರವಾಗುತ್ತದೆ. ಆಗ ಬಟ್ಟೆಯ ಪೂರ್ತಿ ಭಾರ ತೂಗುವುದು ಹೊಕ್ಕಿನ ಎಳೆಗಳ ಮೇಲೆ. ಹಾಸು ಗಟ್ಟಿ ಇದ್ದು ಹೊಕ್ಕು ಸೋತಿದ್ದರೆ ಲಂಗ ಬೇಡವೇ ಬೇಡ.

ಸೀರೆಯ ಎಲ್ಲಾ ಭಾಗವೂ ಈ ಪರೀಕ್ಷೆಯಲ್ಲಿ ಸೋತರೆ ಬಟ್ಟೆ ಹೊಲಿಯುವ ಆಸೆ ಬಿಡಿ. ಅಂಚು ಮಾತ್ರ ಗಟ್ಟಿ ಇದ್ದರೆ ಅದನ್ನು ಬಿಡಿಸಿ ಹೊಸ ಸಾದಾ ರೇಷ್ಮೆಗೆ ಕೂರಿಸಬಹುದು. ಅದೂ ಒಳ್ಳೆಯ ಕೆಲಸವೇ, ಆದರೆ ಅದರ ಕ್ರಮ ಬೇರೆ.

ಜರಿಯ ವಿಚಾರ

ಹಳೇ ಜರಿ ಕಪ್ಪಾಗಿದ್ದರೆ ಗಾಬರಿ ಬೇಡ. ಅಸಲಿ ಜರಿ ಅಂದರೆ ರೇಷ್ಮೆ ದಾರದ ಮೇಲೆ ಬೆಳ್ಳಿಯ ತೆಳು ಪಟ್ಟಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟಿದ್ದು. ಲೇಪ ಸವೆದ ಕಡೆ ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ. ಅಂಚಿನ ಒಳಬದಿಯಲ್ಲಿ ಬಿಟ್ಟುಕೊಂಡ ಒಂದು ಎಳೆ ಸಿಕ್ಕರೆ ಬಿಚ್ಚಿ ನೋಡಿ. ಒಳಗೆ ರೇಷ್ಮೆ ಎಳೆ ಇದ್ದು, ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು ಲೋಹ ಉಳಿದರೆ ಅದು ಹಳೇ ಕ್ರಮದ ಜರಿ. ಮುದುಡಿ ಪ್ಲಾಸ್ಟಿಕ್ಕಿನಂತೆ ಕರಗಿದರೆ ಈಚಿನ ಜರಿ. ಸಂಶಯ ಇದ್ದರೆ ಅಕ್ಕಸಾಲಿಗರ ಹತ್ತಿರ ಒಂದು ಎಳೆ ತೋರಿಸಿ.

ಹುಣಸೆಹಣ್ಣು, ನಿಂಬೆರಸ, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಅಳಿದುಳಿದ ಚಿನ್ನದ ಲೇಪವೂ ಹೋಗುತ್ತದೆ, ಪಕ್ಕದ ರೇಷ್ಮೆಯ ಬಣ್ಣವೂ ಕೆಡುತ್ತದೆ. ಒಣ ಮೆತ್ತನೆ ಹತ್ತಿ ಬಟ್ಟೆಯಿಂದ ಜರಿಯ ಉದ್ದಕ್ಕೆ ಹಗುರವಾಗಿ ಒರೆಸಿ, ಬಂದಷ್ಟು ಹೊಳಪು ಬರಲಿ. ನನ್ನ ಕಣ್ಣಿಗಂತೂ ಸ್ವಲ್ಪ ಕಪ್ಪಿಟ್ಟ ಜರಿಯೇ ಚೆಂದ. ಹಳೇ ಜರಿ ಸೀರೆ ತಗೊಳ್ತೀವಿ ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಬೇಕಾಗಿರುವುದು ಈ ಬೆಳ್ಳಿಯೇ. ಸೀರೆ ಸುಟ್ಟು ಅದನ್ನು ತೆಗೆಯುತ್ತಾರೆ.

ಮೂರನೇ ಹೆಜ್ಜೆ: ಫಾಲ್ ಬಿಚ್ಚಿ, ಶುಚಿ ಮಾಡಿಸಿ

ಫಾಲ್ ಹೊಲಿದಿದ್ದರೆ ಮೊದಲು ಬಿಚ್ಚಬೇಕು. ಹತ್ತಿ ಫಾಲ್ ಕುಗ್ಗಿ ಅಂಚನ್ನು ಸುಕ್ಕು ಹಿಡಿಸಿರುತ್ತದೆ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಫಾಲಿನ ಕಡೆಯ ಟಾಕಿಗಳನ್ನೇ ಕತ್ತರಿಸಿ, ಸೀರೆಯ ಕಡೆಯಿಂದ ಎಳೆಯಬೇಡಿ. ಈ ಸೀರೆಯ ಫಾಲ್ ಬಿಚ್ಚಿದಾಗ ಕೆಳಗೆ ಅಂಗೈ ಅಗಲದ ಅಂಚು ಹೊಸದರಂತೆ ಕೆಂಪಗೆ ಇತ್ತು. ನೆಲಕ್ಕೆ ತಾಗುವ ತುದಿಯಲ್ಲೂ ಎಳೆ ಬಿಟ್ಟಿರಲಿಲ್ಲ. ಕೆಳಗಿನ ಅಂಚನ್ನೇ ಲಂಗದ ಬುಡಕ್ಕೆ ಇಡುವುದು ಅಂತ ಅಲ್ಲೇ ತೀರ್ಮಾನವಾಯಿತು. ಫಾಲ್ ಇಲ್ಲದೆ ಉಟ್ಟ ಸೀರೆಯಾದರೆ ಕೆಳಗಿನ ಅಂಚು ಹಿಂಜಿಕೊಂಡಿರುತ್ತದೆ. ಎರಡೂ ಕಡೆ ಅಂಚು ಒಂದೇ ಅಗಲ ಇದ್ದರೆ ಸೀರೆ ತಲೆಕೆಳಗು ಮಾಡಿ ಮೇಲಿನ ಅಂಚನ್ನು ಕೆಳಗೆ ತರಬಹುದು. ಆದರೆ ಬುಟ್ಟ ನವಿಲೋ ಹಂಸವೋ ಆಗಿದ್ದರೆ ಅವೂ ತಲೆಕೆಳಗಾಗುತ್ತವೆ, ನೋಡಿಕೊಳ್ಳಿ.

ನೀರಿಗೆ ಹಾಕಬೇಕು ಅನ್ನಿಸಿದರೆ ಮೊದಲು ಬಣ್ಣ ಪರೀಕ್ಷಿಸಿ. ಒದ್ದೆ ಬಿಳಿ ಹತ್ತಿ ಬಟ್ಟೆಯನ್ನು ಅಂಚಿನ ಒಳಬದಿಗೆ ಎರಡು ನಿಮಿಷ ಒತ್ತಿ ಹಿಡಿಯಿರಿ. ನಮ್ಮದರಲ್ಲಿ ಬಟ್ಟೆಗೆ ಗುಲಾಬಿ ಬಣ್ಣ ಹತ್ತಿತು. ನೀರು ತಾಗಿದ್ದರೆ ಕೆಂಪು ಹಸಿರಿನ ಮೇಲೆ ಹರಡುತ್ತಿತ್ತು. ಹಾಗಾಗಿ ಡ್ರೈ ಕ್ಲೀನಿಂಗಿಗೆ ಕೊಟ್ಟೆವು. ಕೊಡುವಾಗ ತೂತು, ಸೀಳು ಎಲ್ಲಾ ತೋರಿಸಿ, ಚೀಟಿಯಲ್ಲಿ ಬರೆಸಿ. ರೋಲ್ ಪಾಲಿಶ್ ಬೇಡ ಅಂತ ಒತ್ತಿ ಹೇಳಿ. ಅದರಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಗಂಜಿಯಂತೆ ಬಿರುಸು ಕೊಡುತ್ತಾರೆ. ಹೊಸ ಸೀರೆಗೆ ಅದು ಲಕಲಕ, ಹಳೆಯದಕ್ಕೆ ಮಡಿಕೆ ಮಡಿಕೆಗೂ ಬಿರುಕು.

ನಾಲ್ಕನೇ ಹೆಜ್ಜೆ: ಯಾವ ಉಡುಪು?

ಹುಡುಗಿ ಮೊದಲು ಕೇಳಿದ್ದು ಲಂಗ ದಾವಣಿ. ಗೌನಿನ ಒಳಗೆ ದಾವಣಿ ಮುದ್ದೆಯಾಗುತ್ತದೆ, ಭುಜದ ಮೇಲೆ ಗಂಟು ಕಟ್ಟಿದಂತೆ ಉಬ್ಬುತ್ತದೆ. ಆಮೇಲೆ ಕೇಳಿದ್ದು ಪೂರ್ತಿ ಸೀರೆಯಿಂದಲೇ ಒಂದು ಅನಾರ್ಕಲಿ. ಅದಕ್ಕೂ ನಾನು ಒಪ್ಪಲಿಲ್ಲ. ಕಂಕುಳು, ಬೆನ್ನು, ತೋಳು, ಇವು ಕೈ ಎತ್ತಿದರೆ, ಬಗ್ಗಿದರೆ ಎಳೆತ ಬೀಳುವ ಜಾಗಗಳು. ಐವತ್ತು ವರ್ಷದ ರೇಷ್ಮೆ ಬೆವರು ಕುಡಿದುಕೊಂಡು ಆ ಎಳೆತ ತಡೆಯುವುದಿಲ್ಲ. ಹೊಲಿಗೆಯ ಪಕ್ಕದಲ್ಲೇ ಬಿಟ್ಟುಕೊಳ್ಳುತ್ತದೆ.

ನನ್ನ ಕ್ರಮ ಸರಳ. ಎಳೆತ ಬೀಳುವ ಕಡೆ ಹೊಸ ಬಟ್ಟೆ, ಸುಮ್ಮನೆ ಇಳಿಬೀಳುವ ಕಡೆ ಹಳೇ ಬಟ್ಟೆ. ಹಾಗಾಗಿ ಸೊಂಟದಲ್ಲಿ ಜೋಡಿಸಿದ ಒಂದು ಉದ್ದ ಉಡುಪು ಮಾಡಿದೆವು. ಮೇಲಿನ ಮೈ ಮತ್ತು ತೋಳು ಹೊಸ ರಾ ಸಿಲ್ಕ್. ಸೊಂಟದಿಂದ ಕೆಳಗೆ ಅಜ್ಜಿಯ ಸೀರೆ. ತೋಳಿನ ತುದಿಗೆ, ಕಾಲರಿಗೆ ಸೀರೆಯ ತುಂಡು. ಗೌನು ಹಾಕಿದರೆ ಹೊಸ ರೇಷ್ಮೆ ಪೂರ್ತಿ ಒಳಗೆ ಹೋಗುತ್ತದೆ, ಕಾಣುವ ಮೂರೂ ಜಾಗದಲ್ಲಿ ಅಜ್ಜಿಯ ಸೀರೆಯೇ ಇರುತ್ತದೆ.

ಹೊಸ ಬಟ್ಟೆಯ ಬಣ್ಣಕ್ಕೆ ಒಂದು ಮಾತು. ಹಳೇ ಹಸಿರಿಗೆ ಹೊಂದುವ ಹಸಿರು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಡಿ. ಮಾಸಿದ ಬಣ್ಣ ಹೊಸ ಬಟ್ಟೆಯಲ್ಲಿ ಸಿಗುವುದಿಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಮ್ಯಾಚಿಂಗ್ ತಪ್ಪಿದೆ ಅಂತಲೇ ಕಾಣುತ್ತದೆ. ಅಂಚಿನ ಬಣ್ಣಕ್ಕೆ ಹೋಗಿ. ಕೆಂಪಿನಲ್ಲಿ ಒಂದು ಛಾಯೆ ಗಾಢವಾದರೂ ಬೇಕೆಂದೇ ಮಾಡಿದ ಹಾಗೆ ಇರುತ್ತದೆ.

ಐದನೇ ಹೆಜ್ಜೆ: ಲೆಕ್ಕ

ಹುಡುಗಿಯ ಎತ್ತರ 5 ಅಡಿ 3 ಇಂಚು, ಸೊಂಟ 28 ಇಂಚು. ಉಸಿರಾಡಲು, ಕೂರಲು 2 ಇಂಚು ಸಡಿಲ ಸೇರಿಸಿ 30. ಒಂದೇ ಕಡೆಗೆ ಮಡಚಿದ ನೆರಿಗೆ ಸುತ್ತಲೂ ಬರಬೇಕಾದರೆ ಸೊಂಟದ ಮೂರು ಪಟ್ಟು ಬಟ್ಟೆ ಬೇಕು, ಅಂದರೆ 90 ಇಂಚು. ನಮ್ಮ ಹತ್ತಿರ ಗಟ್ಟಿ ಇರುವುದು 1.2 ಮೀಟರಿನ ಎರಡು ತುಂಡು, ಒಟ್ಟು 94 ಇಂಚು. ಎರಡು ಬದಿಯ ಹೊಲಿಗೆಗೆ ಸುಮಾರು 3 ಇಂಚು ಹೋದರೂ 91 ಉಳಿಯುತ್ತದೆ. ಸೀರೆಯ ಸೀಳಿದ ನೆರಿಗೆ ಭಾಗವನ್ನು ಪೂರ್ತಿ ಬಿಟ್ಟುಬಿಟ್ಟೆವು. ಇದಕ್ಕಿಂತ ಜಾಸ್ತಿ ಘೇರು ಬೇಕು ಅಂತ ಆಸೆಪಟ್ಟರೆ ಗೌನಿನ ಒಳಗೆ ಸೊಂಟ ದಪ್ಪ ಕಾಣುತ್ತದೆ.

ಎರಡು ತುಂಡಿನ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇತ್ತು. ಒಳಸುತ್ತಿನ ತುಂಡು ಗಾಢ, ಹೊರಸುತ್ತಿನದು ಒಂದು ಪಾಲು ಮಂಕು. ಗಾಢವಾದದ್ದು ಮುಂದೆ, ಮಂಕಾದದ್ದು ಹಿಂದೆ. ಹೊಲಿಗೆ ಎರಡೂ ಬದಿಯಲ್ಲಿ ಬರುವುದರಿಂದ ಎರಡು ಬಣ್ಣ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ.

ಎತ್ತರಕ್ಕೆ ಸೊಂಟದಿಂದ ಕಾಲಗಂಟಿನವರೆಗೆ 38 ಇಂಚು, ಹೊಲಿಗೆಗೆ 1 ಇಂಚು, ಒಟ್ಟು 39. ಸೀರೆಯ ಅಗಲ 46 ಇಂಚಿನಲ್ಲಿ ಕೆಳಗಿನಿಂದ 39 ತೆಗೆದರೆ ಮೇಲೆ 7 ಇಂಚಿನ ಪಟ್ಟಿ ಉಳಿಯುತ್ತದೆ. ಅದರಲ್ಲಿ ಎರಡೂವರೆ ಇಂಚು ಮೇಲಿನ ಅಂಚು, ಉಳಿದದ್ದು ಸಾದಾ ಹಸಿರು. ಒಳಸುತ್ತಿನ ಪಟ್ಟಿ ಒಳಲಂಗದ ಲಾಡಿಯ ಒತ್ತಿಗೆ ಸವೆದಿರುತ್ತದೆ, ಅದನ್ನು ಬಿಡಿ. ಹೊರಸುತ್ತಿನ ಪಟ್ಟಿಯಿಂದ ತೋಳಿನ ತುದಿಗೆ 11 ಇಂಚಿನ ಎರಡು ತುಂಡು, ಕಾಲರಿಗೆ 15 ಇಂಚು ಸಲೀಸಾಗಿ ಸಿಗುತ್ತದೆ. ಕಾಲರಿಗೆ ಜರಿ ಅಂಚು ಹಾಕಬೇಡಿ. ಕುತ್ತಿಗೆಗೆ ಚುಚ್ಚುತ್ತದೆ, ಉದ್ದಕ್ಕೆ ಸೀಳಿದ ಜರಿ ಹಿಂಜಿಕೊಂಡು ಬರುತ್ತದೆ. ಸಾದಾ ಹಸಿರು ಭಾಗವೇ ಸಾಕು.

ಕೊಳ್ಳಬೇಕಾದ ಸಾಮಾನು ಕಮ್ಮಿ. ರಾ ಸಿಲ್ಕ್ ಒಂದೂಕಾಲು ಮೀಟರ್. 44 ಇಂಚು ಪನ್ನದ ತೆಳು ಮಲ್‌ಮಲ್ ಮೂರೂವರೆ ಮೀಟರ್, ಇದರಲ್ಲಿ ಎರಡೂವರೆ ಲಂಗಕ್ಕೆ, ಒಂದು ಮೀಟರ್ ಮೇಲಿನ ಮೈಗೆ. ಮಲ್‌ಮಲ್ ಅನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಒಂದು ಜಿಪ್, ಸಣ್ಣ ಪೊಟ್ಟಣ ಹೊಸ ಸೂಜಿ, ತೆಳು ಹತ್ತಿ ಅಥವಾ ರೇಷ್ಮೆ ದಾರ.

ಆರನೇ ಹೆಜ್ಜೆ: ಕತ್ತರಿಗೆ ಮುಂಚೆ ಒಂದು ಟ್ರಯಲ್

ಮೇಲಿನ ಮೈಯನ್ನು ಹಳೇ ಬೆಡ್‌ಶೀಟಿನಲ್ಲಿ ಒಮ್ಮೆ ಹೊಲಿದು ಹಾಕಿಸಿ ನೋಡಿ. ಗೌನು ಸಿಗುವುದು ಸಾಮಾನ್ಯವಾಗಿ ಸಮಾರಂಭದ ಹೊತ್ತಿಗೆ. ಈ ಹುಡುಗಿ ವಿಜ್ಞಾನ ಓದಿದವಳಾದ್ದರಿಂದ ಮನೆಯಲ್ಲಿ ಲ್ಯಾಬ್ ಕೋಟ್ ಇತ್ತು. ಅದನ್ನೇ ಮೇಲೆ ಹಾಕಿಸಿ ಬಲಗೈ ಮುಂದೆ ಚಾಚಿಸಿದೆ. ಮೊಣಕೈಗೆ ನಿಂತ ತೋಳು ಕೋಟಿನ ಒಳಗೇ ಉಳಿಯಿತು. ಮೂರು ಇಂಚು ಉದ್ದ ಮಾಡಿದ ಮೇಲೆ ತುದಿ ಹೊರಗೆ ಕಂಡಿತು. ಕೂರಿಸಿಯೂ ನೋಡಿ. ಸಭಾಂಗಣದಲ್ಲಿ ಗಂಟೆಗಟ್ಟಲೆ ಕೂರುವುದೇ ಹೆಚ್ಚು, ವೇದಿಕೆ ಹತ್ತುವುದು ಅರ್ಧ ನಿಮಿಷ.

ಏಳನೇ ಹೆಜ್ಜೆ: ಕತ್ತರಿಸುವುದು, ಹೊಲಿಯುವುದು

ಕತ್ತರಿಸುವ ಗೆರೆಯ ಎರಡೂ ಪಕ್ಕ ಕಾಲಿಂಚು ಬಿಟ್ಟು ಮೊದಲು ಕೈಯಲ್ಲಿ ಟಾಕಿ ಹಾಕಿ. ಆಮೇಲೆ ಮಧ್ಯದಲ್ಲಿ ಕತ್ತರಿಸಿ. ಹೀಗೆ ಮಾಡಿದರೆ ಎಳೆ ಉದುರುವುದಿಲ್ಲ. ಅಂಚನ್ನು ಅಡ್ಡ ಕತ್ತರಿಸುವ ಜಾಗದಲ್ಲಿ ಟಾಕಿ ಇನ್ನೂ ಒತ್ತಾಗಿರಲಿ, ಜರಿ ಎಳೆ ಬಿಚ್ಚಿಕೊಂಡರೆ ಹಿಡಿಯುವುದು ಕಷ್ಟ. ಸೆರಗನ್ನು ಬೇರೆ ಮಾಡುವಾಗ ಅದರ ಮುಂದಿನ ಸಾದಾ ಭಾಗ ನಾಲ್ಕು ಬೆರಳು ಸೆರಗಿನ ಜೊತೆಗೇ ಬಿಡಿ. ಸೆರಗು ಮೈಗೆ ಕೂಡುವ ಗೆರೆಯಲ್ಲೇ ಕತ್ತರಿಸಿದರೆ ಸೆರಗು ಹಿಂಜಿಕೊಳ್ಳುತ್ತದೆ.

ಈಗ ಮುಖ್ಯ ಕೆಲಸ. ಲಂಗದ ಎರಡೂ ತುಂಡಿನ ಹಿಂದೆ ಅದೇ ಅಳತೆಯ ಮಲ್‌ಮಲ್ ಇಟ್ಟು ಎರಡನ್ನೂ ಒಂದೇ ಬಟ್ಟೆಯಂತೆ ಮಾಡಬೇಕು. ಮೇಜಿನ ಮೇಲೆ ಮಲ್‌ಮಲ್ ಹಾಸಿ, ಮೇಲೆ ರೇಷ್ಮೆ ಹಾಸಿ, ಅಂಗೈಯಲ್ಲಿ ಸವರಿ ಸಮ ಮಾಡಿ. ಒಂದು ಗೇಣು ಅಂತರಕ್ಕೆ ಮೇಲಿಂದ ಕೆಳಗೆ ಸಡಿಲ ಟಾಕಿ ಹಾಕುತ್ತಾ ಬನ್ನಿ. ಮಲ್‌ಮಲ್ ಎತ್ತರದಲ್ಲಿ ಕೂದಲೆಳೆಯಷ್ಟು ಬಿಗಿ ಇರಲಿ, ರೇಷ್ಮೆ ಸಡಿಲ ಇರಲಿ. ಆಗ ತೂಗುವ ಭಾರ ಮಲ್‌ಮಲ್ ಮೇಲೆ ಬೀಳುತ್ತದೆ. ಉಲ್ಟಾ ಆದರೆ ಹಿಂದೆ ಬಟ್ಟೆ ಕೊಟ್ಟೂ ಉಪಯೋಗವಿಲ್ಲ. ಸರಿಯಾಗಿದೆಯಾ ಅಂತ ತಿಳಿಯಲು ತುಂಡನ್ನು ಮೇಲಿನ ತುದಿಯಲ್ಲಿ ಹಿಡಿದು ಎತ್ತಿ. ರೇಷ್ಮೆ ಚೂರು ಅಲೆಯಾಗಿ ಇಳಿಬಿದ್ದರೆ ಸರಿ, ಬಿಗಿದು ನಿಂತು ಹಿಂದಿನ ಮಲ್‌ಮಲ್ ಜೋತುಬಿದ್ದರೆ ಟಾಕಿ ಬಿಚ್ಚಿ ಮತ್ತೆ ಹಾಕಬೇಕು.

ಇಸ್ತ್ರಿ ಇಟ್ಟು ಅಂಟಿಸುವ ಕ್ಯಾನ್ವಾಸ್ ಸುಲಭ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸುಲಭವೇ. ಆದರೆ ಒಮ್ಮೆ ಅಂಟಿದರೆ ಬಿಡಿಸಲಾಗದು. ಬಿಡಿಸಲು ಹೋದರೆ ರೇಷ್ಮೆಯೂ ಜೊತೆಗೇ ಬರುತ್ತದೆ. ಕೆಲವು ಸಲ ನಡುವೆ ಗುಳ್ಳೆ ಏಳುತ್ತದೆ. ಹೊಸ ರಾ ಸಿಲ್ಕಿಗೆ ಬೇಕಾದರೆ ಹಾಕಿಕೊಳ್ಳಿ, ಹಳೆಯದಕ್ಕೆ ಬೇಡ.

ಸೀರೆಯ ಮೈಯನ್ನೂ ಅಂಚನ್ನೂ ಬೇರೆ ಬೇರೆ ಬಣ್ಣದ ಹೊಕ್ಕಿನಲ್ಲಿ ನೇಯ್ದು ಮಧ್ಯೆ ಹಲ್ಲು ಹಲ್ಲಾಗಿ ಕೂಡಿಸಿದ್ದರೆ ಆ ಕೂಡುಗೆರೆಯನ್ನು ಬೆರಳಾಡಿಸಿ ನೋಡಿ. ಹಳೇ ಸೀರೆಗಳಲ್ಲಿ ಇದು ಸೋಲುವ ಜಾಗ. ನಮ್ಮದರಲ್ಲಿ ಎರಡು ಕಡೆ ಕಿರುಬೆರಳ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಹಿಂದಿನ ಮಲ್‌ಮಲ್ ಜೊತೆ ಸೇರಿಸಿ, ಒಂಟಿ ಎಳೆ ರೇಷ್ಮೆ ದಾರದಲ್ಲಿ ಗೆರೆಯ ಉದ್ದಕ್ಕೂ ಸಣ್ಣ ಕೈಹೊಲಿಗೆ ಹಾಕಿದೆ. ಮೇಲಿನಿಂದ ಕಾಣುವುದಿಲ್ಲ.

ಯಂತ್ರಕ್ಕೆ 9 ಅಥವಾ 11 ನಂಬರಿನ ಹೊಸ ಸೂಜಿ ಹಾಕಿ. ಮೊಂಡು ಸೂಜಿ ಎಳೆಯನ್ನು ಚುಚ್ಚದೆ ಎಳೆಯುತ್ತದೆ, ಅಡ್ಡಕ್ಕೆ ಗೆರೆ ಬೀಳುತ್ತದೆ. ಹೊಲಿಗೆಯ ಉದ್ದ 3 ಮಿಲಿಮೀಟರ್ ಹತ್ತಿರ ಇರಲಿ. ಒತ್ತು ಹೊಲಿಗೆ ಗಟ್ಟಿ ಅಂತ ಅಂದುಕೊಂಡು ಸಣ್ಣದು ಮಾಡಿದರೆ ಅಂಚೆಚೀಟಿಯ ತೂತಿನ ಸಾಲಿನಂತೆ ಅಲ್ಲೇ ಹರಿಯುತ್ತದೆ. ದಾರ ಪಾಲಿಯೆಸ್ಟರ್ ಬೇಡ. ಎಳೆತ ಬಿದ್ದರೆ ದಾರ ಮೊದಲು ಹರಿಯಬೇಕು, ಬಟ್ಟೆ ಹರಿಯಬಾರದು. ದಾರ ಹೋದರೆ ಮತ್ತೆ ಹೊಲಿಯಬಹುದಲ್ಲ.

ನೆರಿಗೆಗಳನ್ನು ಸೊಂಟದಲ್ಲಿ ಕೂರಿಸಿ, ಕೆಳಗೆ ಹಾಗೇ ಬಿಡಿ. ಇಸ್ತ್ರಿ ಒತ್ತಿ ಚೂಪು ಮಾಡಬೇಡಿ. ಬಾಗಿದ ಕಡೆಯೇ ಹಳೇ ರೇಷ್ಮೆ ಮುರಿಯುವುದು. ಇಸ್ತ್ರಿ ಬೇಕೇ ಬೇಕು ಅನ್ನುವ ಕಡೆ ಒಳಬದಿಯಿಂದ, ಮೇಲೆ ಬಿಳಿ ಬಟ್ಟೆ ಹಾಸಿ, ರೇಷ್ಮೆಯ ಬಿಸಿಗೆ ಇಟ್ಟು ಮಾಡಿ. ನೀರು ಚಿಮುಕಿಸಬೇಡಿ, ಕಲೆ ನಿಲ್ಲುತ್ತದೆ.

ಜಿಪ್ ಎಡ ಬದಿಯಲ್ಲಿ, ಕಂಕುಳಿನ ಕೆಳಗಿನಿಂದ ಸೊಂಟ ದಾಟಿ 6 ಇಂಚಿನವರೆಗೆ. ಸೊಂಟದ ಕೆಳಗಿನ ಆ 6 ಇಂಚು ಹಳೇ ರೇಷ್ಮೆಯಲ್ಲಿ ಬರುವುದರಿಂದ ಅಲ್ಲಿ ರಾ ಸಿಲ್ಕಿನ ಒಂದು ಪಟ್ಟಿ ಒಳಗೆ ಕೊಟ್ಟು, ಜಿಪ್ಪನ್ನು ಆ ಪಟ್ಟಿಗೆ ಹೊಲಿಯಿರಿ. ಲಂಗದ ಬುಡಕ್ಕೆ ಮಡಚುವ ಕೆಲಸವಿಲ್ಲ, ಸೀರೆಯ ಅಂಚೇ ಬುಡ. ಒಳಗೆ ಹೊಸ ಫಾಲ್ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಹಾಕಿ. ಫಾಲನ್ನೂ ಮೊದಲೇ ನೆನೆಸಿರಬೇಕು. ತೋಳಿನ ತುದಿಗೂ ಇದೇ ಕ್ರಮ, ಅಂಚಿನ ಸಿದ್ಧ ತುದಿಯೇ ತೋಳಿನ ತುದಿ.

ಗೌನಿನ ಮೇಲೆ ಹಾಕುವ ಹುಡ್ ಹಿಂದಕ್ಕೆ ಜಾರುತ್ತದೆ. ಅದನ್ನು ಹಿಡಿಸಲು ಕೆಲವರು ಬಟ್ಟೆಗೇ ಪಿನ್ ಹಾಕುತ್ತಾರೆ, ಕೆಲವು ಹುಡ್‌ಗಳಲ್ಲಿ ಗುಂಡಿಗೆ ಸಿಕ್ಕಿಸುವ ದಾರ ಇರುತ್ತದೆ. ಎದೆಯ ಮೇಲೆ, ಕಾಲರಿನಿಂದ ನಾಲ್ಕು ಬೆರಳು ಕೆಳಗೆ, ಒಂದು ಸಣ್ಣ ಬಟ್ಟೆ ಗುಂಡಿ ಹೊಲಿದುಬಿಡಿ. ಅಲ್ಲಿ ಹೊಸ ರೇಷ್ಮೆ ಇರುವುದರಿಂದ ಎಳೆದರೂ ಚಿಂತೆಯಿಲ್ಲ.

ಆ ದಿನ ಮತ್ತು ಆಮೇಲೆ

ಸೆಂಟು ಹೊಡೆದುಕೊಳ್ಳುವುದಿದ್ದರೆ ಬಟ್ಟೆ ಹಾಕುವ ಮುಂಚೆ. ಕಂಕುಳಿಗೆ ಬೆವರಿನ ಪ್ಯಾಡ್. ದೂರದ ಪ್ರಯಾಣವಾದರೆ ಉಡುಪನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ದು ಅಲ್ಲೇ ಹಾಕಿಕೊಳ್ಳಿ. ಕೂರುವಾಗ ಲಂಗವನ್ನು ಕೆಳಗೆ ಒತ್ತಿ ಎಳೆಯದೆ, ಎರಡೂ ಬದಿ ಸ್ವಲ್ಪ ಎತ್ತಿ ಕೂರಬೇಕು. ಹಿಮ್ಮಡಿ ಲಂಗದ ಅಂಚಿಗೆ ಸಿಗದಂತೆ ಚಪ್ಪಲಿ ಟ್ರಯಲ್ ದಿನವೇ ಗೊತ್ತು ಮಾಡಿಕೊಳ್ಳಿ, ಆಮೇಲೆ ಬದಲಿಸಬೇಡಿ.

ಮನೆಗೆ ಬಂದ ತಕ್ಷಣ ಮಡಚಿ ಬೀರುವಿಗೆ ಹಾಕಬೇಡಿ. ನೆರಳಿನಲ್ಲಿ ಗಾಳಿಗೆ ಬಿಡಿ, ಹ್ಯಾಂಗರಿಗೆ ತೂಗುಹಾಕದೆ ಮಂಚದ ಮೇಲೆ ಹರಡಿ. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಬಿಳಿ ಪಂಚೆ ಸಾಕು. ನುಸಿಗುಳಿಗೆ ಜರಿಗೆ ತಾಗಬಾರದು, ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ.

ಸೆರಗು ಅಜ್ಜಿಗೆ ಹೋಯಿತು. ಕತ್ತರಿಸಿದ ಕಡೆ ಒಳಗೆ ಮಡಚಿ, ಹಿಂದೆ ಮಲ್‌ಮಲ್ ಕೊಟ್ಟು, ತುದಿಗೆ ಅವರೇ ಕೂತು ಕುಚ್ಚು ಕಟ್ಟಿದರು. ದೇವರ ಮನೆಯ ಕಲಶದ ಹತ್ತಿರ ಹಾಸುತ್ತೇನೆ ಅಂದರು. ಉಳಿದದ್ದು ನೆರಿಗೆ ಭಾಗ, ಭುಜದ ಭಾಗ, ಒಳಸುತ್ತಿನ ಪಟ್ಟಿ. ಅವುಗಳಿಂದ ಬಟುವೆ, ಕ್ಲಿಪ್ಪು ಅಂತ ಮಾಡಿ ಖರ್ಚು ಮಾಡಬೇಡಿ. ಸಾದಾ ಹಸಿರಿನ ಅಂಗೈಯಗಲದ ಕೆಲವು ತುಂಡು, ಅಂಚಿನ ಒಂದು ತುಂಡು ಆರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಉಡುಪಿನ ಜೊತೆಗೇ ಇಡಿ. ನಾಳೆ ಲಂಗದಲ್ಲಿ ಎಲ್ಲಾದರೂ ತೂತು ಬಿದ್ದರೆ ತೇಪೆಗೆ ಅದೇ ವಯಸ್ಸಿನ, ಅದೇ ಬಣ್ಣದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.